ವಿದೇಶದಲ್ಲಿ ಮದುವೆಗೆ ‘ಅವಿವಾಹಿತ’ ಪತ್ರ: ಶಿರಸಿ, ಕಾರವಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ವಕೀಲಿ ಮತ್ತು ನೋಟರಿ ಕೆಲಸ ಮಾಡುವವನು ನಾನು. ಮಕ್ಕಳು ಹೊರದೇಶದಲ್ಲಿರುವ ತಂದೆ ತಾಯಂದಿರು ಕಚೇರಿಗೆ ಬಂದು ಕೇಳಿದ, ಪತ್ರ ಬರೆದು ಕೇಳಿದ, ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಜರ್ಮನಿಯನ್ನೇ ಹಿಡಿದುಕೊಂಡಿದ್ದೇನೆ. ನಮ್ಮ ಕಡೆಯ ಮಕ್ಕಳು ಅಲ್ಲಿಗೆ ಓದಲು ಹೋಗಿ ಅಲ್ಲಿಯೇ ನೆಲೆಸುವುದು ಹೆಚ್ಚಾಗಿದೆ, ಕಾಗದಪತ್ರದ ವಿಷಯದಲ್ಲಿ ಅಲ್ಲಿನಷ್ಟು ಕಟ್ಟುನಿಟ್ಟನ್ನು ನಾನು ಬೇರೆಡೆ ಕಂಡಿಲ್ಲ.

## ಮೊದಲು ತಿಳಿಯಬೇಕಾದದ್ದು

ಮಗಳು ಫೋನ್ ಮಾಡಿ ‘ಸಿಂಗಲ್ ಸ್ಟೇಟಸ್ ಸರ್ಟಿಫಿಕೇಟ್ ಕಳಿಸಿ’ ಎಂದಳು. ಇದು ಯಾವ ಕಚೇರಿಯಲ್ಲಿ ಸಿಗುತ್ತದೆ?

ಜಾತಿ ಪತ್ರ, ಆದಾಯ ಪತ್ರದ ಹಾಗೆ ಗೊತ್ತಾದ ನಮೂನೆಯಲ್ಲಿ ಗೊತ್ತಾದ ಕಚೇರಿ ಕೊಡುವ ಪತ್ರ ಇದಲ್ಲ. ಜರ್ಮನಿಯಂಥ ದೇಶದಲ್ಲಿ ಪ್ರತಿ ನಿವಾಸಿಯೂ ತನ್ನ ಊರಿನ ಕಚೇರಿಯಲ್ಲಿ ದಾಖಲಾಗಿರುತ್ತಾನೆ, ಅವನು ವಿವಾಹಿತನೋ ಅಲ್ಲವೋ ಎಂಬುದೂ ಅಲ್ಲೇ ಬರೆದಿರುತ್ತದೆ. ನಮ್ಮಲ್ಲಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಇರುವುದು ಅಲ್ಲಿ ನೋಂದಣಿಯಾದ ಮದುವೆಗಳ ದಾಖಲೆ ಮಾತ್ರ. ಶಿರಸಿಯ ದಾಖಲೆಯಲ್ಲಿ ನಿಮ್ಮ ಮಗಳ ಹೆಸರು ಇಲ್ಲ ಎಂದರೆ ಅವಳು ಹೊನ್ನಾವರದಲ್ಲೋ ಬೆಂಗಳೂರಿನಲ್ಲೋ ಮದುವೆಯಾಗಿಲ್ಲ ಎಂದು ಹೇಳಿದಂತಾಗುವುದಿಲ್ಲ. ಮೇಲಾಗಿ ಎಷ್ಟೋ ಮದುವೆಗಳು ನೋಂದಣಿಯೇ ಆಗಿರುವುದಿಲ್ಲ. ಹೀಗಾಗಿ ‘ಈಕೆಗೆ ಮದುವೆಯಾಗಿಲ್ಲ’ ಎಂದು ತನ್ನ ದಾಖಲೆ ನೋಡಿ ಹೇಳಬಲ್ಲ ಅಧಿಕಾರಿ ನಮ್ಮಲ್ಲಿಲ್ಲ. ಕೆಲವು ರಾಜ್ಯಗಳಲ್ಲಿ ತಹಸೀಲ್ದಾರರು ವಿಚಾರಣೆ ಮಾಡಿ ಇಂಥ ಪತ್ರ ಕೊಡುವುದುಂಟು. ಅದೂ ನೆರೆಹೊರೆಯವರ ಮಾತಿನ ಮೇಲೆಯೇ ನಿಂತಿರುತ್ತದೆ.

ಹಾಗಾದರೆ ಎಲ್ಲರೂ ಕೊಡುವುದು ಯಾವ ಕಾಗದ?

ಸಾಮಾನ್ಯವಾಗಿ ಮೂರರಲ್ಲಿ ಒಂದು, ಅಥವಾ ಎರಡು ಕೂಡಿ. ಮೊದಲನೆಯದು ಮದುವೆಯಾಗುವವರು ತಾವೇ ಮಾಡುವ ಪ್ರಮಾಣಪತ್ರ, ಅಂದರೆ ಅಫಿಡವಿಟ್. ಎರಡನೆಯದು ತಂದೆ ತಾಯಿ ಊರಿನಲ್ಲಿ ಮಾಡುವ ಅಫಿಡವಿಟ್. ಮೂರನೆಯದು ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಕೊಡುವ ಪತ್ರ. ಈ ಮೂರನೆಯದು ಹೆಸರಿಗೆ ಸರ್ಕಾರಿ ಪತ್ರವಾದರೂ ಅದನ್ನು ಕೊಡುವ ಮೊದಲು ಅವರು ಕೇಳುವುದು ಬಹಳ ಸಲ ಮೊದಲೆರಡನ್ನೇ. ಆದ್ದರಿಂದ ತಂದೆ ತಾಯಿಯ ಅಫಿಡವಿಟ್ ಸರಿಯಾಗಿದ್ದರೆ ಉಳಿದದ್ದು ಅದರ ಹಿಂದೆ ಬರುತ್ತದೆ.

ಅಲ್ಲಿಯವರಿಗೆ ಯಾವುದು ಬೇಕು ಎಂದು ನಾವು ತಿಳಿಯುವುದು ಹೇಗೆ?

ಮದುವೆ ನಡೆಯುವ ಊರಿನ ಮದುವೆ ನೋಂದಣಿ ಕಚೇರಿಯಿಂದ ಬರಹದಲ್ಲಿ ಪಟ್ಟಿ ತರಿಸಿಕೊಳ್ಳಿ. ಆ ಪಟ್ಟಿ ಕೈಗೆ ಬರುವ ತನಕ ಛಾಪಾ ಕಾಗದ ಕೊಳ್ಳಬೇಡಿ. ‘ನಮ್ಮ ಭಾವನ ಮಗನಿಗೆ ಇದೇ ಸಾಕಾಗಿತ್ತು’ ಎಂದು ಹಳೆಯ ಅಫಿಡವಿಟ್ಟಿನ ಪ್ರತಿ ಹಿಡಿದು ಬರುವವರು ಬಹಳ. ಆ ಮದುವೆ ಬೇರೆ ದೇಶದಲ್ಲೋ, ಅದೇ ದೇಶದ ಬೇರೆ ಊರಿನಲ್ಲೋ ಆಗಿರುತ್ತದೆ. ಜರ್ಮನಿಯಲ್ಲೇ ಒಂದು ಊರಿನ ಕಚೇರಿ ಕೇಳುವುದಕ್ಕೂ ಇನ್ನೊಂದು ಕೇಳುವುದಕ್ಕೂ ವ್ಯತ್ಯಾಸವಿದೆ. ಫಿಲಿಪ್ಪೀನ್ಸಿನ ಕಾನೂನಿನಲ್ಲಿಯಂತೂ ಪರದೇಶಿ ಪ್ರಜೆ ತನ್ನ ದೇಶದ ರಾಯಭಾರ ಅಥವಾ ಕಾನ್ಸುಲರ್ ಅಧಿಕಾರಿಯಿಂದಲೇ ಪತ್ರ ತರಬೇಕು. ಅಲ್ಲಿ ಶಿರಸಿಯ ನೋಟರಿ ಮುದ್ರೆಯೊಂದನ್ನೇ ಒಯ್ದರೆ ಉಪಯೋಗವಿಲ್ಲ.

ಪಟ್ಟಿಯಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕು: ಯಾರು ಪ್ರಮಾಣ ಮಾಡಬೇಕು, ಯಾರ ಮುಂದೆ ಮಾಡಬೇಕು, ಎಷ್ಟು ತಿಂಗಳಿಗಿಂತ ಹಳೆಯದಾಗಿರಬಾರದು.

## ಅಫಿಡವಿಟ್ ಬರೆಯುವಾಗ

‘ನಮ್ಮ ಮಗಳು ಅವಿವಾಹಿತೆ’ ಎಂದು ಒಂದು ಸಾಲು ಬರೆದರೆ ಸಾಲದೇ?

ಸಾಲದು. ಆ ಒಂದು ಸಾಲನ್ನು ಓದಿದ ಅಲ್ಲಿನ ಅಧಿಕಾರಿಗೆ ಏಳುವ ಮೊದಲ ಪ್ರಶ್ನೆ, ‘ಇದು ಇವರಿಗೆ ಹೇಗೆ ಗೊತ್ತು?’ ಎಂಬುದು. ಅದಕ್ಕೆ ಉತ್ತರ ಕಾಗದದಲ್ಲೇ ಇರಬೇಕು. ನಾನು ಬರೆಯುವ ಕ್ರಮ ಹೀಗೆ. ಮೊದಲು ತಂದೆ ತಾಯಿಯ ಹೆಸರು, ವಯಸ್ಸು, ವಿಳಾಸ, ಮಗಳೊಂದಿಗಿನ ಸಂಬಂಧ. ಆಮೇಲೆ ಮಗಳ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ಒಂದಕ್ಷರ ಆಚೀಚೆ ಆಗದಂತೆ, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಹುಟ್ಟಿದ ಊರು. ನಂತರ ಅವಳು ಎಷ್ಟನೇ ಇಸವಿಯವರೆಗೆ ನಮ್ಮ ಮನೆಯಲ್ಲೇ ಇದ್ದಳು, ಯಾವಾಗ ಹೊರದೇಶಕ್ಕೆ ಹೋದಳು ಎಂಬ ಮಾತು.

ಇಷ್ಟಾದ ಮೇಲೆ ಮುಖ್ಯ ವಾಕ್ಯ ಬರುತ್ತದೆ: ಹುಟ್ಟಿದಂದಿನಿಂದ ಈ ದಿನದವರೆಗೆ ಭಾರತದಲ್ಲಾಗಲಿ ಬೇರೆಲ್ಲಿಯಾಗಲಿ, ಧಾರ್ಮಿಕ ವಿಧಿಯಿಂದಾಗಲಿ ಸಂಪ್ರದಾಯದ ಪ್ರಕಾರವಾಗಲಿ ನೋಂದಣಿಯಿಂದಾಗಲಿ ಅವಳಿಗೆ ಮದುವೆಯಾಗಿಲ್ಲ. ‘ಮದುವೆ ನೋಂದಣಿಯಾಗಿಲ್ಲ’ ಎಂದಷ್ಟೇ ಬರೆದ ಕಾಗದಗಳನ್ನು ನೋಡಿದ್ದೇನೆ. ಅದರಿಂದ ಅನುಮಾನ ಹೆಚ್ಚುತ್ತದೆ. ನೋಂದಣಿಯಾಗದೆಯೂ ನಮ್ಮಲ್ಲಿ ಮದುವೆಯಾಗಬಹುದು ಎಂಬುದು ಅವರಿಗೂ ಗೊತ್ತಿದೆ. ಕೆಲವು ಕಚೇರಿಗಳು ಯಾರನ್ನು ಮದುವೆಯಾಗಲಿದ್ದಾಳೆ ಎಂಬ ಹೆಸರನ್ನೂ ಕೇಳುತ್ತವೆ. ಕೇಳಿದ್ದರೆ ಮಾತ್ರ ಬರೆಯಿರಿ.

ಕಾಗದ ಇಂಗ್ಲಿಷಿನಲ್ಲಿದ್ದು ತಾಯಿ ಕನ್ನಡದಲ್ಲಿ ಸಹಿ ಮಾಡುವುದಾದರೆ, ‘ಇದರಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ, ತಿಳಿದು ಸಹಿ ಮಾಡಿದ್ದಾರೆ’ ಎಂಬ ಮಾತು ಕೊನೆಯಲ್ಲಿರಲಿ. ಮತ್ತು ನಿಜವಾಗಿಯೂ ಓದಿ ಹೇಳಿಸಿಕೊಳ್ಳಿ. ನನ್ನ ಮುಂದೆ ಕುಳಿತು ಎಲ್ಲ ಕೇಳಿಸಿಕೊಂಡ ಒಬ್ಬ ತಾಯಿ, ‘ಅವಳು ಹುಟ್ಟಿದ್ದು ಶಿರಸಿಯಲ್ಲಲ್ಲ, ನನ್ನ ತವರು ಯಲ್ಲಾಪುರದಲ್ಲಿ’ ಎಂದರು. ತಂದೆ ಹೇಳಿ ಬರೆಸಿದ್ದು ಶಿರಸಿ ಎಂದಿತ್ತು. ಆ ತಪ್ಪು ಹಾಗೆಯೇ ಹೋಗಿದ್ದರೆ ಜನನ ಪ್ರಮಾಣಪತ್ರಕ್ಕೂ ಅಫಿಡವಿಟ್ಟಿಗೂ ತಾಳೆಯಾಗುತ್ತಿರಲಿಲ್ಲ.

ಛಾಪಾ ಕಾಗದ ಎಷ್ಟರದ್ದು? ನೋಟರಿ ಸಾಕೋ, ತಹಸೀಲ್ದಾರರ ಹತ್ತಿರ ಹೋಗಬೇಕೋ?

ಕರ್ನಾಟಕದಲ್ಲಿ ಈಗ ಅಫಿಡವಿಟ್ಟಿಗೆ 100 ರೂಪಾಯಿಯ ಇ-ಸ್ಟಾಂಪ್. ಹಳೆಯ 20 ರೂಪಾಯಿಯದ್ದು ಸಾಲದು. ಯಾರು ಪ್ರಮಾಣ ಮಾಡುತ್ತಾರೋ ಅವರ ಹೆಸರಿನಲ್ಲೇ ತೆಗೆಸಿ.

ಪಟ್ಟಿಯಲ್ಲಿ ‘ನೋಟರಿ’ ಎಂದಿದ್ದರೆ ನೋಟರಿ ಸಾಕು. ‘ಮ್ಯಾಜಿಸ್ಟ್ರೇಟ್’ ಎಂದಿದ್ದರೆ ಸಾಲದು. ತಹಸೀಲ್ದಾರರು ತಾಲ್ಲೂಕು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಹೌದು, ಅವರ ಮೇಲೆ ಉಪವಿಭಾಗದ ಮ್ಯಾಜಿಸ್ಟ್ರೇಟರಾಗಿ ಸಹಾಯಕ ಆಯುಕ್ತರು ಇರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಶಿರಸಿ, ಭಟ್ಕಳ ಎಂದು ನಾಲ್ಕು ಉಪವಿಭಾಗಗಳು. ಸಿದ್ದಾಪುರದವರು ಇದಕ್ಕಾಗಿ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕಾಗಿಲ್ಲ, ಶಿರಸಿಗೆ ಬಂದರೆ ಸಾಕು. ಅಧಿಕಾರಿಯ ಹೆಸರು, ಹುದ್ದೆ, ದುಂಡು ಮುದ್ರೆ ಮೂರೂ ಓದುವಂತಿವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ. ಮಸಿ ಹರಡಿದ ಮುದ್ರೆಯಿಂದ ಮುಂದಿನ ಕಚೇರಿಯಲ್ಲಿ ಕೆಲಸ ನಿಲ್ಲುತ್ತದೆ.

ಮಗನಿಗೆ ರಜೆ ಇಲ್ಲ. ಅವನು ಅಲ್ಲಿಂದ ಸಹಿ ಮಾಡಿ ಕಳಿಸಿದರೆ ಇಲ್ಲಿ ನೋಟರಿ ಮುದ್ರೆ ಹಾಕಬಹುದೇ?

ಆಗುವುದಿಲ್ಲ. ಸಹಿ ಮಾಡುವವರು ನೋಟರಿಯ ಎದುರಿಗೆ ಇರಬೇಕು, ನೋಟರಿಯ ರಿಜಿಸ್ಟರಿನಲ್ಲೂ ಸಹಿ ಮಾಡಬೇಕು. ಎಲ್ಲಿಯೋ ಯಾರೋ ಹಾಕಿಕೊಡುತ್ತಾರೆ ಎಂದು ಹುಡುಕಿಕೊಂಡು ಹೋದವರ ಗತಿ ಏನಾಯಿತು ಎಂದು ಕೇಳಿ: ಕುಮಟಾ ಕಡೆಯ ಒಬ್ಬ ಹುಡುಗನ ಅಫಿಡವಿಟ್ಟಿನಲ್ಲಿ ‘ಈ ದಿನ ನನ್ನ ಎದುರು ಸಹಿ ಮಾಡಿದರು’ ಎಂದಿತ್ತು. ಅವನ ಪಾಸ್‌ಪೋರ್ಟಿನ ಮುದ್ರೆಗಳ ಪ್ರಕಾರ ಆ ತಿಂಗಳಿಡೀ ಅವನು ಭಾರತದಲ್ಲೇ ಇರಲಿಲ್ಲ. ಅಲ್ಲಿನ ಅಧಿಕಾರಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಅವನಿಗೆ ನಿಜವಾಗಿಯೂ ಮದುವೆಯಾಗಿರಲಿಲ್ಲ. ಆದರೂ ಅವನು ಕೊಟ್ಟ ಉಳಿದ ಕಾಗದಗಳೆಲ್ಲ ಸಂಶಯಕ್ಕೆ ಸಿಕ್ಕಿಕೊಂಡವು.

ಹೊರದೇಶದಲ್ಲಿರುವವರು ತಮ್ಮ ಪಾಲಿನ ಪ್ರಮಾಣವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಮಾಡಲಿ. ಊರಿನಲ್ಲಿರುವ ತಂದೆ ತಾಯಿ ಇಲ್ಲಿ ಮಾಡಲಿ.

ತಂದೆ ತೀರಿಕೊಂಡಿದ್ದಾರೆ. ಯಾರು ಪ್ರಮಾಣ ಮಾಡಬೇಕು?

ತಾಯಿ ಒಬ್ಬರೇ ಮಾಡಬಹುದು, ತಂದೆಯ ಮರಣ ಪ್ರಮಾಣಪತ್ರ ಜೊತೆಗಿರಲಿ. ಇಬ್ಬರೂ ಇಲ್ಲದಿದ್ದರೆ ಹುಟ್ಟಿದಂದಿನಿಂದ ಬಲ್ಲ ಹತ್ತಿರದ ಹಿರಿಯರು, ಅಂದರೆ ಅಣ್ಣ, ಅಕ್ಕ, ಚಿಕ್ಕಪ್ಪ ಅಥವಾ ಸೋದರಮಾವ. ಆದರೆ ಹೀಗೆ ನಡೆಯುತ್ತದೆಯೇ ಎಂದು ಅಲ್ಲಿನ ಕಚೇರಿಯನ್ನು ಮೊದಲೇ ಕೇಳಿ.

## ಹೆಸರಿನ ತೊಡಕು

ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು. ಇದರಿಂದ ತೊಂದರೆಯೇ?

ನಮ್ಮ ಜಿಲ್ಲೆಯವರಿಗೆ ದೊಡ್ಡ ತೊಂದರೆ ಇದೇ. ಶಿರಸಿ ಸೀಮೆಯ ಒಬ್ಬ ಹುಡುಗಿಯ ಕಾಗದಗಳು ನನ್ನ ಮೇಜಿನ ಮೇಲೆ ಬಂದದ್ದು ಹೀಗೆ. ಹೆಸರು ಮಾತ್ರ ಬದಲಿಸಿದ್ದೇನೆ. ಜನನ ಪ್ರಮಾಣಪತ್ರದಲ್ಲಿ ಬರಿಯ ‘ಸುಮಾ’. ಪಾಸ್‌ಪೋರ್ಟಿನಲ್ಲಿ ಹೆಸರು ‘ಸುಮಾ ಗಣಪತಿ’, ಅಡ್ಡಹೆಸರು ‘ಹೆಗಡೆ’. ತಂದೆ ಒಂದು ಕಡೆ ‘ಗಣಪತಿ ಸುಬ್ರಾಯ ಹೆಗಡೆ’, ಇನ್ನೊಂದು ಕಡೆ ‘ಜಿ. ಎಸ್. ಹೆಗಡೆ’. ಇಂಗ್ಲಿಷಿನಲ್ಲಿ ಹೆಗಡೆಯ ನಡುವೆ ಒಂದು ಕಾಗದದಲ್ಲಿ ‘ಎ’ ಅಕ್ಷರವಿದೆ, ಇನ್ನೊಂದರಲ್ಲಿ ಇಲ್ಲ. ತಾಯಿಗೆ ಮದುವೆಯಲ್ಲಿ ಹೆಸರು ಬದಲಿಸಿದ್ದರು. ಆಸ್ಪತ್ರೆಯಲ್ಲಿ ಬರೆಸಿದ್ದು ತವರಿನ ಹೆಸರು, ಆಧಾರ್‌ನಲ್ಲಿರುವುದು ಗಂಡನ ಮನೆಯ ಹೆಸರು.

ಇದರಲ್ಲಿ ನಮಗೆ ಯಾವ ಗೊಂದಲವೂ ಕಾಣುವುದಿಲ್ಲ. ಮಗಳ ಹೆಸರಿನ ಮುಂದೆ ತಂದೆಯ ಹೆಸರು ಬರುತ್ತದೆ, ಅಷ್ಟೇ. ಆದರೆ ‘ಗಣಪತಿ’ ಎಂಬುದು ತಂದೆಯ ಹೆಸರೆಂದು ಗೊತ್ತಿಲ್ಲದ ಅಧಿಕಾರಿಗೆ ಇಲ್ಲಿ ಇಬ್ಬರು ಹುಡುಗಿಯರು, ಇಬ್ಬರು ತಾಯಂದಿರು ಕಾಣುತ್ತಾರೆ.

ಆ ಮನೆಯವರು ಎರಡು ಕೆಲಸ ಮಾಡಿದರು. ಮೊದಲು ಜನನ ಪ್ರಮಾಣಪತ್ರವನ್ನು ಕೊಟ್ಟ ಜನನ ಮರಣ ನೋಂದಣಿ ಕಚೇರಿಗೆ ಹೋಗಿ, ಶಾಲೆಯ ದಾಖಲೆ ತೋರಿಸಿ ತಿದ್ದುಪಡಿಗೆ ಅರ್ಜಿ ಕೊಟ್ಟರು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಲ್ಲಿ ತಪ್ಪು ನಮೂದನ್ನು ಸರಿಪಡಿಸಲು ಅವಕಾಶವಿದೆ. ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ಬರೆದು ಸರಿಪಡಿಸುತ್ತಾರೆ. ಆಮೇಲೆ ತಾಯಿಯ ಎರಡು ಹೆಸರು, ತಂದೆಯ ಎರಡು ಬರಹ, ಇವೆಲ್ಲ ಒಬ್ಬೊಬ್ಬರವೇ ಎಂದು ಹೇಳುವ ಬೇರೆ ಅಫಿಡವಿಟ್ ಮಾಡಿದರು. ಅದಕ್ಕೆ ಕಾರಣವನ್ನೂ ಬರೆಸಿದೆ: ಮದುವೆಯ ದಿನ ವಧುವಿಗೆ ಹೊಸ ಹೆಸರಿಡುವ ಸಂಪ್ರದಾಯ ನಮ್ಮಲ್ಲಿದೆ ಎಂದು. ಆ ಸಾಲು ಇಲ್ಲದಿದ್ದರೆ ಎರಡು ಹೆಸರು ಏಕೆ ಎಂದು ಅಲ್ಲಿಯವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಅವಿವಾಹಿತ ಅಫಿಡವಿಟ್ಟನ್ನು ಇದೆಲ್ಲ ಮುಗಿದ ಮೇಲೆ ಮಾಡಿ. ಮೊದಲೇ ಮಾಡಿದರೆ ಹಳೆಯ ತಪ್ಪು ಅದರೊಳಗೂ ಸೇರುತ್ತದೆ, ತಿದ್ದುಪಡಿ ಮುಗಿಯುವಷ್ಟರಲ್ಲಿ ಅದರ ಅವಧಿಯೂ ಕಳೆದಿರುತ್ತದೆ.

## ಅಪೊಸ್ಟಿಲ್ ಮತ್ತು ಅದರಾಚೆ

ಅಪೊಸ್ಟಿಲ್ ಎಂದರೆ ಏನು? ಅದಾದರೆ ಪತ್ರ ಪಕ್ಕಾ ಆದ ಹಾಗೆಯೇ?

ಅಪೊಸ್ಟಿಲ್ ಎಂದರೆ ಕಾಗದದ ಮೇಲಿನ ಸಹಿ, ಮುದ್ರೆ ನಿಜವಾದವು ಎಂದು ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸುವ ದೃಢೀಕರಣ. ಒಳಗೆ ಬರೆದಿರುವುದು ನಿಜ ಎಂದು ಅದು ಹೇಳುವುದಿಲ್ಲ. ಒಬ್ಬರ ಅಪೊಸ್ಟಿಲ್ ಅನ್ನು ಇನ್ನೊಬ್ಬರು ಒಪ್ಪಬೇಕೆಂದು ಹಲವು ದೇಶಗಳು ಮಾಡಿಕೊಂಡ ಒಪ್ಪಂದವಿದೆ, ಅದು ಭಾರತಕ್ಕೆ ಅನ್ವಯವಾದದ್ದು 2005ರ ಜುಲೈ 14ರಿಂದ.

ದಾರಿ ಹೀಗಿದೆ: ಶಿರಸಿಯಲ್ಲಿ ನೋಟರಿ, ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ಇದಕ್ಕೆಂದು ಗೊತ್ತುಪಡಿಸಿದ ಇಲಾಖೆಯ ದೃಢೀಕರಣ, ಕೊನೆಗೆ ವಿದೇಶಾಂಗ ಸಚಿವಾಲಯ. ಸಚಿವಾಲಯ ಕಾಗದಗಳನ್ನು ತಾನು ನೇಮಿಸಿದ ಏಜೆನ್ಸಿಗಳ ಮೂಲಕ ಪಡೆಯುತ್ತದೆ. ಸಚಿವಾಲಯದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಏಜೆನ್ಸಿಯ ಸೇವಾ ಶುಲ್ಕ ಬೇರೆ. ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗೆ ನೀವು ಕೊಡುವುದು ಅವರ ಓಡಾಟದ ಹಣ. ಓಡಾಟಕ್ಕೆ ಕೊಡುವುದು ತಪ್ಪಲ್ಲ. ‘ಅಫಿಡವಿಟ್ಟನ್ನೂ ನಾವೇ ಮಾಡಿಸಿಕೊಡುತ್ತೇವೆ, ನೀವು ಬರುವುದೇ ಬೇಡ’ ಎಂದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಜರ್ಮನಿಗೆ ಅಪೊಸ್ಟಿಲ್ ನಡೆಯುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜ. ಭಾರತ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತು. ಹೀಗಾಗಿ ಇವೆರಡು ದೇಶಗಳ ನಡುವೆ ಅಪೊಸ್ಟಿಲ್‌ಗೆ ಬೆಲೆಯಿಲ್ಲ. ಅದರ ಬದಲು ಅಲ್ಲಿನ ಮದುವೆ ನೋಂದಣಿ ಕಚೇರಿ ಭಾರತದಲ್ಲಿರುವ ತನ್ನ ರಾಯಭಾರ ಕಚೇರಿಗೆ ಕಾಗದಗಳನ್ನು ಕಳಿಸಿ ತಪಾಸಣೆ ಮಾಡಿಸಬಹುದು. ಖರ್ಚು ಮದುವೆಯಾಗುವವರದ್ದು, ಸಮಯ ತಿಂಗಳುಗಟ್ಟಲೆ.

ಅದರ ನಂತರ ಇನ್ನೊಂದು ಹೆಜ್ಜೆ ಇದೆ. ಜರ್ಮನಿಯ ಕಾನೂನು ಪರದೇಶಿಯಿಂದ ‘ಮದುವೆಯಾಗಲು ಅರ್ಹ’ ಎಂಬ ಅವರ ಸರ್ಕಾರದ ಪತ್ರ ಕೇಳುತ್ತದೆ. ಭಾರತ ಅಂಥ ಪತ್ರ ಕೊಡುವುದಿಲ್ಲವಾದ್ದರಿಂದ ಅದರಿಂದ ವಿನಾಯಿತಿ ಬೇಕು. ಅದನ್ನು ಕೊಡುವುದು ಅಲ್ಲಿನ ಉಚ್ಚ ಪ್ರಾಂತೀಯ ನ್ಯಾಯಾಲಯದ ಅಧ್ಯಕ್ಷರು. ತಂದೆ ತಾಯಿಯ ಅಫಿಡವಿಟ್ ಮುಖ್ಯವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ವಿನಾಯಿತಿ ಸಿಕ್ಕ ದಿನದಿಂದ ಆರು ತಿಂಗಳೊಳಗೆ ಮದುವೆಯಾಗಬೇಕು. ಆದ್ದರಿಂದ ವಿನಾಯಿತಿ ಕೈಗೆ ಬರುವ ಮೊದಲು ವಿಮಾನದ ಟಿಕೆಟ್ ತೆಗೆಯಬೇಡಿ.

ಯಾರೋ ಊರಿಗೆ ಬಂದು ವಿಚಾರಿಸುತ್ತಾರಂತೆ. ಏನು ಕೇಳುತ್ತಾರೆ?

ರಾಯಭಾರ ಕಚೇರಿ ನೇಮಿಸಿದ ವ್ಯಕ್ತಿ, ಸಾಮಾನ್ಯವಾಗಿ ವಕೀಲರು, ನೋಂದಣಿ ಕಚೇರಿಗಳಲ್ಲಿ ದಾಖಲೆ ನೋಡುತ್ತಾರೆ, ಮನೆಗೂ ನೆರೆಮನೆಗೂ ಬರಬಹುದು. ಅವರಿಗೆ ಮನೆ ಸಿಗುವುದೇ ಮೊದಲ ಸಮಸ್ಯೆ. ಅಡಕೆ ತೋಟದ ಅಂಚಿನ ಮನೆಗೆ ಬೀದಿಯ ಹೆಸರಿಲ್ಲ. ಊರು, ಅಂಚೆ, ತಾಲ್ಲೂಕು ಇಷ್ಟೇ ವಿಳಾಸ. ಸುಮಾಳ ತಂದೆ ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಟ್ಟರು: ಬಸ್ ನಿಲ್ಲುವ ಜಾಗ, ಸೊಸೈಟಿ ಕಟ್ಟಡ, ಶಾಲೆ, ಶಾಲೆಯ ಎಡಕ್ಕೆ ಇಳಿಯುವ ಮಣ್ಣಿನ ದಾರಿ, ಹಳ್ಳದ ಕಾಲುಸಂಕ, ಆಚೆಗೆ ಮೂರನೆಯ ಮನೆ. ಜೊತೆಗೆ ಎರಡು ನೆರೆಮನೆಯವರ ಹೆಸರು, ಫೋನ್ ಸಂಖ್ಯೆ. ಮಳೆಗಾಲದಲ್ಲಿ ಕಾಲುಸಂಕ ಮುಳುಗಿದರೆ ಬರುವ ಸುತ್ತು ದಾರಿಯನ್ನೂ ಬರೆದಿದ್ದರು.

ನೆರೆಹೊರೆಯವರಿಗೆ ಏನು ಹೇಳಬೇಕೆಂದು ಕಲಿಸಬೇಡಿ. ಆದರೆ ವಿಷಯ ಏನೆಂದು ತಿಳಿಸಿರಿ. ಸುಮಾಳ ಪಕ್ಕದ ಮನೆಯ ಅಜ್ಜಿ ಬಂದವರ ಹತ್ತಿರ, ‘ಅವಳ ಮದುವೆ ಆಯಿತಲ್ಲ, ಜರ್ಮನಿಯ ಹುಡುಗನ ಸಂಗಡ’ ಎಂದುಬಿಟ್ಟರು. ಗೊತ್ತಾದ ಸಂಬಂಧವನ್ನು ಅವರು ಆದ ಮದುವೆ ಎಂದೇ ತಿಳಿದಿದ್ದರು. ತಾಯಿ ಅಲ್ಲೇ ಇದ್ದು ನಿಶ್ಚಯ ಮಾತ್ರ ಆಗಿದೆ ಎಂದು ವಿವರಿಸಿದರು. ಬಂದವರು ಇನ್ನೂ ಎರಡು ಮನೆಗಳಲ್ಲಿ ಕೇಳಿ ಖಚಿತಪಡಿಸಿಕೊಂಡರು.

ರಜೆಯಲ್ಲಿ ಬಂದಾಗ ಶಿರಸಿಯಲ್ಲೇ ಶಾಸ್ತ್ರೋಕ್ತವಾಗಿ ಮದುವೆ ಮಾಡಿ, ಆಮೇಲೆ ಅಲ್ಲಿ ನೋಂದಣಿ ಮಾಡಿಸಿದರೆ ಆಗದೇ?

ಇದನ್ನು ತಡೆಯಲು ನಾನು ತುಂಬ ಹೊತ್ತು ಮಾತನಾಡುತ್ತೇನೆ. ವಧು ವರ ಇಬ್ಬರೂ ಹಿಂದೂಗಳಾಗಿದ್ದು ವಿಧಿಯಂತೆ ಸಪ್ತಪದಿ ನಡೆದರೆ, 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರ ಏಳನೇ ಹೆಜ್ಜೆಗೆ ಮದುವೆ ಪೂರ್ಣವಾಯಿತು. ನೋಂದಣಿ ಆಗದಿದ್ದರೂ ಅವರು ಗಂಡ ಹೆಂಡತಿ. ಅದಾದ ಮೇಲೆ ‘ಅವಿವಾಹಿತೆ’ ಎಂದು ಮಾಡುವ ಪ್ರಮಾಣ ಸುಳ್ಳು ಪ್ರಮಾಣ, ಅದು ಅಪರಾಧ. ಊಟ ಮಾಡಿ ಹೋದ ಐದುನೂರು ಜನ ಅದಕ್ಕೆ ಸಾಕ್ಷಿ.

ಇಲ್ಲಿ ಶಾಸ್ತ್ರದ ಮದುವೆ ಮಾಡುವುದಾದರೆ ಇಲ್ಲಿಯೇ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಮದುವೆ ಪ್ರಮಾಣಪತ್ರವನ್ನು ಒಯ್ಯಿರಿ. ಆಗ ಅವಿವಾಹಿತ ಪತ್ರದ ಪ್ರಶ್ನೆಯೇ ಇಲ್ಲ. ಒಬ್ಬರು ಬೇರೆ ಧರ್ಮದವರಾದರೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಿಲ್ಲ. ಆದರೂ ಆ ಶಾಸ್ತ್ರದ ಫೋಟೋಗಳನ್ನು ನೋಡಿ ಅಲ್ಲಿನ ಅಧಿಕಾರಿ ಪ್ರಶ್ನೆ ಎತ್ತಬಹುದು. ಅಲ್ಲಿನ ನೋಂದಣಿ ಮೊದಲು, ಊರಿನ ಶಾಸ್ತ್ರ ಆಮೇಲೆ ಎಂದು ಇಟ್ಟುಕೊಳ್ಳುವುದೇ ಕ್ಷೇಮ.

ಮೊದಲ ಮದುವೆಯಿಂದ ಬಿಡುಗಡೆಯಾಗಿದೆ. ‘ಅವಿವಾಹಿತ’ ಎಂದೇ ಬರೆಯಬಹುದೇ?

ಬಾರದು. ‘ವಿಚ್ಛೇದಿತ, ಮರುಮದುವೆಯಾಗಿಲ್ಲ’ ಎಂದು ಬರೆಯಬೇಕು. ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ ಬೇಕು, ಮೇಲ್ಮನವಿ ಬಾಕಿಯಿಲ್ಲ ಎಂಬುದಕ್ಕೆ ದಾಖಲೆಯೂ ಬೇಕಾಗಬಹುದು. ಹಿರಿಯರ ಮುಂದೆ ಬರೆದುಕೊಂಡ ಬಿಡುಗಡೆ ಪತ್ರವೊಂದೇ ಇದ್ದರೆ ಕಷ್ಟ. ಕೆಲವು ಸಮುದಾಯಗಳ ರೂಢಿಯ ಬಿಡುಗಡೆಯನ್ನು ಹಿಂದೂ ವಿವಾಹ ಕಾಯ್ದೆ ಉಳಿಸಿಕೊಂಡಿದೆ, ಆದರೆ ಆ ರೂಢಿ ಇತ್ತೆಂದು ನೀವೇ ಸಾಬೀತು ಮಾಡಬೇಕು. ಹೊರದೇಶದ ಕಚೇರಿಗೆ ತೋರಿಸಲು ನ್ಯಾಯಾಲಯದಿಂದ ಘೋಷಣೆಯ ಡಿಕ್ರಿ ಪಡೆಯುವುದೇ ದಾರಿ. ವಿಧವೆ, ವಿಧುರರಿಗೆ ಮೊದಲ ಮದುವೆಯ ದಾಖಲೆ ಮತ್ತು ಮರಣ ಪ್ರಮಾಣಪತ್ರ.

ನಾವು ಭಟ್ಕಳದವರು, ಮಗ ದುಬೈಯಲ್ಲಿದ್ದಾನೆ. ಅಲ್ಲಿಗೂ ಇದೇ ಕ್ರಮವೇ?

ಅಫಿಡವಿಟ್ ಬರೆಯುವ ಕ್ರಮ ಇದೇ. ಆಮೇಲಿನ ದಾರಿ ಬೇರೆ. ಸಂಯುಕ್ತ ಅರಬ್ ಸಂಸ್ಥಾನ ಅಪೊಸ್ಟಿಲ್ ಒಪ್ಪಂದದಲ್ಲಿಲ್ಲ. ವಿದೇಶಾಂಗ ಸಚಿವಾಲಯದ ಸಾಮಾನ್ಯ ದೃಢೀಕರಣ ಆದ ಮೇಲೆ ಭಾರತದಲ್ಲಿರುವ ಅವರ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ, ಹೀಗೆ ಇನ್ನೆರಡು ಮುದ್ರೆ. ಒಮಾನ್, ಬಹ್ರೇನ್ ಒಪ್ಪಂದದಲ್ಲಿವೆ, ಅಲ್ಲಿಗೆ ಅಪೊಸ್ಟಿಲ್ ನಡೆಯುತ್ತದೆ.

ಇಷ್ಟೆಲ್ಲ ತಾಪತ್ರಯದ ಬದಲು ಆ ಜರ್ಮನಿಯ ಹುಡುಗನನ್ನೇ ಇಲ್ಲಿಗೆ ಕರೆಸಿ ಮದುವೆ ನೋಂದಣಿ ಮಾಡಿದರೆ?

ಆಗುತ್ತದೆ. ಆಗ ಅರ್ಹತಾ ಪತ್ರ ತರುವ ಕೆಲಸ ಹುಡುಗನದ್ದು. ಅವನ ಊರಿನ ನೋಂದಣಿ ಕಚೇರಿ ತನ್ನ ಪ್ರಜೆಗೆ ಅದನ್ನು ಕೊಡುತ್ತದೆ, ಆರು ತಿಂಗಳು ನಡೆಯುತ್ತದೆ. ಅದಕ್ಕಾಗಿ ಮಗಳ ಕಾಗದಗಳನ್ನೂ ಅವರು ಕೇಳುತ್ತಾರೆ, ಹಾಗಾಗಿ ಹೆಸರಿನ ತಿದ್ದುಪಡಿ ಆಗಲೂ ತಪ್ಪುವುದಿಲ್ಲ. ಇಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ. ನೋಟಿಸು ಕೊಡುವ ಮೊದಲು ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ಈ ಜಿಲ್ಲೆಯಲ್ಲಿ ವಾಸವಾಗಿರಬೇಕು. ನೋಟಿಸು ಪ್ರಕಟವಾದ ಮೇಲೆ ಇನ್ನೂ 30 ದಿನ ಕಾಯಬೇಕು. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸದಾಗಿ ನೋಟಿಸು ಕೊಡಬೇಕಾಗುತ್ತದೆ. ನಾಲ್ಕು ವಾರದ ರಜೆ ಹಾಕಿ ಬರುವ ಮಗಳಿಗೆ ಈ ಲೆಕ್ಕವನ್ನು ಟಿಕೆಟ್ ತೆಗೆಯುವ ಮೊದಲೇ ತಿಳಿಸಿ.